ಬಾಕ್ಸಿಗೆ ಬಿಟ್ಟುಕೊಟ್ಟ ಜಾಗ

ಮುಕುಂದಯ್ಯನವರಿಗೆ ಪತ್ರಿಕೆಯ ಪುಟದಲ್ಲಿ ಚೌಕಟ್ಟು ಕಟ್ಟಿದ ಬಾಕ್ಸ್ ಕಂಡರೆ ಮೈ ಉರಿಯುತ್ತಿತ್ತು. ಸಾಗರದ ಆ ಪುಟ್ಟ ದಿನಪತ್ರಿಕೆಗೆ ಅವರೇ ಹಿರಿಯ ವರದಿಗಾರರು. ನಿಟ್ಟೂರಿನ ಹತ್ತಿರದ ಹಳ್ಳಕ್ಕೆ ಕಾಲುಸೇತುವೆ ಬೇಕೆಂದು ಜನ ವರ್ಷಗಟ್ಟಲೆ ಗೋಗರೆದ ಕತೆಯನ್ನು ಪುಟದ ತುಂಬ ಬರೆದಿದ್ದರು. ಜಾಹೀರಾತು ಬಂದು ವರದಿ ಒಂದು ವಾರ ಹಾಗೇ ಕೂತಿತ್ತು. ಅಂತೂ ನಾಳೆ ಗುರುವಾರದ ಸಂಚಿಕೆಯಲ್ಲಿ ಜಾಗ ಸಿಕ್ಕಿತು ಅನ್ನುವಷ್ಟರಲ್ಲಿ ಪುಟ ಕಟ್ಟುವ ಉಪಸಂಪಾದಕಿ ಸಮತಾ ಅಡ್ಡಗಾಲು ಹಾಕಿದಳು.

“ಸರ್, ಇಷ್ಟುದ್ದ ಬರೀ ಅಕ್ಷರ. ಓದೋರಿಗೆ ಉಸಿರು ಕಟ್ಟತ್ತೆ. ನಡುನಡುವೆ ಉಪಶೀರ್ಷಿಕೆ ಕೊಡ್ತೀನಿ. ಯಾವಾಗ ಏನಾಯ್ತು ಅಂತ ಒಂದು ಟೈಮ್‌ಲೈನ್, ಮುಖ್ಯ ಸಂಗತಿಗೆ ಒಂದು ಬಾಕ್ಸ್.”

“ಎಂತ ಮಾರಾಯ್ತಿ! ಬರೆದಿದ್ದನ್ನ ಕೊಚ್ಚಿ ಕೊಚ್ಚಿ ಡಬ್ಬಿಗೆ ತುಂಬ್ತೀಯಾ?”

ಸಮತಾ ನಕ್ಕಳೇ ಹೊರತು ಕೈ ನಿಲ್ಲಿಸಲಿಲ್ಲ. ವರದಿಯಲ್ಲಿ ಅಲ್ಲಲ್ಲಿ ಚೆಲ್ಲಿದ್ದ ಘಟನೆಗಳನ್ನು ಹೆಕ್ಕಿ ಹಳೆಯದರಿಂದ ಹೊಸದಕ್ಕೆ ಜೋಡಿಸಿದಳು: ಮೊದಲ ಮನವಿ, ಹಳ್ಳದ ಮೇಲಿನ ಮರದ ಕಾಲುಸಂಕ ಕೊಚ್ಚಿಹೋದದ್ದು, ಸರ್ವೆ, ತಾಲ್ಲೂಕಿಗೆ ಒಂದೇ ಸೇತುವೆಯ ಮಂಜೂರಾತಿ. ಕೊನೆಯ ಸಾಲಿಗೆ ಬಂದಾಗ ತಡೆದಳು.

“ಸರ್, ಊರವರ ಅಹವಾಲು ಕೇಳೋ ಸಭೆ ‘ಬರುವ ಗುರುವಾರ’ ಅಂತಿದೆ. ಟೈಮ್‌ಲೈನಿಗೆ ತಾರೀಖು ಬೇಕು. ಯಾವ ಗುರುವಾರ?”

ಮುಕುಂದಯ್ಯ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. ಬರೆದದ್ದು ಹೋದ ವಾರ. ಸಭೆ ನಾಳೆಯೇ! ನಾಳೆಯ ಪತ್ರಿಕೆಯಲ್ಲಿ ಹಾಗೇ ಅಚ್ಚಾದರೆ ಊರವರು ಮುಂದಿನ ವಾರ ಎಂದುಕೊಂಡು ಮನೆಯಲ್ಲೇ ಕೂರುತ್ತಾರೆ. ಜನ ಬರದಿದ್ದರೆ ಸೇತುವೆ ಬೇರೆ ಊರಿಗೆ ಎಂದು ಅಧಿಕಾರಿಗಳು ಹೇಳಿಯಾಗಿತ್ತು. ಆ ಮಾತೂ ಇದ್ದದ್ದು ವರದಿಯ ಬಾಲದಲ್ಲಿ. ಊರಿಗೆ ಫೋನು ಹಚ್ಚಿದರೆ ನೆಟ್‌ವರ್ಕ್ ಇಲ್ಲ.

“ನನ್ನ ಬುದ್ಧಿಗಿಷ್ಟು! ಹಾಕು ಮಾರಾಯ್ತಿ, ನಿನ್ನ ಬಾಕ್ಸ್ ಮೇಲ್ಗಡೆನೇ ಹಾಕು.”

“ಜಾಗ ಇಲ್ಲ ಸರ್. ಏನಾದ್ರೂ ತೆಗೀಬೇಕು.”

ವರದಿಯ ಶುರುವಿಗೆ ಕೊಡಚಾದ್ರಿಯ ಮಂಜಿನ ವರ್ಣನೆಯಿತ್ತು. ಹೆಂಡತಿಗೆ ಓದಿ ಹೇಳಿ ಭೇಷ್ ಅನ್ನಿಸಿಕೊಂಡ ಸಾಲುಗಳು. ಅದನ್ನು ಅವರೇ ಅಳಿಸಿದರು. ಆ ಜಾಗದಲ್ಲಿ ಬಾಕ್ಸ್ ಕೂತಿತು: ಸಭೆ ಇಂದೇ, ಮಧ್ಯಾಹ್ನ ಮೂರಕ್ಕೆ, ಹೊಸನಗರದ ತಾಲ್ಲೂಕು ಕಚೇರಿಯಲ್ಲಿ, ಹಳ್ಳ ದಾಟುವ ಯಾರು ಬೇಕಾದರೂ ಮಾತಾಡಬಹುದು, ಜನ ಬರದಿದ್ದರೆ ಸೇತುವೆ ಕೈತಪ್ಪುತ್ತದೆ.

ಮರುದಿನ ಮುಕುಂದಯ್ಯ ಹೊಸನಗರದ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಚಡಪಡಿಸುತ್ತ ನಿಂತಿದ್ದರು. ಒಳಗೆ ಕುರ್ಚಿಗಳೆಲ್ಲ ಖಾಲಿ. ಮೂರಾಗುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ದೊಡ್ಡ ಗುಂಪೇ ಬಂತು. ಅಬ್ಬಾ, ಎಲ್ಲರೂ ಹಳ್ಳದಾಚೆಯವರೇ! ಮುಂದಿದ್ದ ಹಿರಿಯ ಹೆಂಗಸು ವನಮಾಲಮ್ಮನ ಕೈಯಲ್ಲಿ ಪತ್ರಿಕೆಯಿತ್ತು.

“ಪೂರಾ ಓದಿದ್ರಾ?” ಮುಕುಂದಯ್ಯ ಆಸೆ ತಡೆಯದೆ ಕೇಳಿದರು.

“ಬಾಕ್ಸ್ ನೋಡಿದ್ದೇ ಬಸ್ ಹತ್ತಿದ್ವಿ. ಉಳಿದಿದ್ದು ಬಸ್ಸಲ್ಲಿ ಓದಿದ್ವಿ. ನಡುನಡುವೆ ತಲೆಬರಹ ಕೊಟ್ಟಿದೀರಲ್ಲ, ಸಭೇಲಿ ಮಾತಾಡೋಕೆ ಒಬ್ಬೊಬ್ರು ಒಂದೊಂದು ಹಂಚ್ಕಂಡಿದೀವಿ. ಶಾಲೆ ಮಕ್ಕಳ ಪಾಡು ಇಲ್ಲಿ ನಿಂತಿರೋ ನಮ್ಮೂರ ಆಶಾ ಹೇಳ್ತಾಳೆ, ಬಾಣಂತೀರ ಕಷ್ಟ ನಾನು.”

ಅಧಿಕಾರಿ ಕರೆದರು. ವನಮಾಲಮ್ಮ ಕನ್ನಡಕ ಏರಿಸಿ, ಮೊದಲು ಟೈಮ್‌ಲೈನನ್ನೇ ಮೇಲಿನ ಸಾಲಿಂದ ಗಟ್ಟಿಯಾಗಿ ಓದತೊಡಗಿದರು. ಇಂದಿನ ಸಭೆಯ ಕೊನೆಯ ಸಾಲು ಬಂದಾಗ ಪತ್ರಿಕೆ ಮಡಚಿ, “ಇವತ್ತು ನಾವು ಬಂದೀವಿ” ಎಂದರು. ಮುಕುಂದಯ್ಯನವರ ಕಣ್ಣು ತುಂಬಿ ಬಂತು.