ಬೂದಿ ಬೆರೆತ ಬೀಮು

ಮನೆ ಕಟ್ಟುವ ಜಾಗದಲ್ಲಿ ಮೇಸ್ತ್ರಿಯ ಅಳಿಯನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಾವನೇ ಇಟ್ಟ ‘ಬೂದಿಯಪ್ಪ’ ಎಂಬ ಅಡ್ಡಹೆಸರೇ ಎಲ್ಲರ ಬಾಯಲ್ಲೂ ಆಡುತ್ತಿತ್ತು.

ಕಾರಣ, ಹಿಂದೆ ಇಬ್ಬರೂ ಕಟ್ಟಿದ ಒಂದು ಮನೆ. ಮೇಸ್ತ್ರಿಗೆ ಐವತ್ಮೂರು ಗ್ರೇಡಿನ ಸಾದಾ ಸಿಮೆಂಟೆಂದರೆ ಪಂಚಪ್ರಾಣ. ಪಾಯಕ್ಕೂ ಅದೇ, ಕಂಬಕ್ಕೂ ಅದೇ, ಗಿಲಾವಿಗೂ ಅದೇ. ಅದು ಬೇಗ ಬಲ ಕೂಡಿಸಿಕೊಳ್ಳುತ್ತದೆ, ನಿಜ. ಜೊತೆಗೆ ಕಾವನ್ನೂ ಕೂಡಿಸಿಕೊಳ್ಳುತ್ತದೆ. ಆ ಮನೆಯ ಗೋಡೆಗಳ ಗಿಲಾವು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು. ಮಾಲೀಕ ಯಾಕೆಂದು ಕೇಳಿದಾಗ ಅಳಿಯ ಬಾಯಿಬಿಟ್ಟ.

“ಗಿಲಾವಿಗೆ ಫ್ಯಾಕ್ಟ್ರಿಲೇ ಕಲ್ಲಿದ್ದಲ ಬೂದಿ ಬೆರೆಸಿದ ಸಿಮೆಂಟು ವಾಸಿ, ಸಾರ್. ಉಪ್ಪುನೀರು ಒಸರೋ ಮಣ್ಣಾದ್ರೆ ಪಾಯಕ್ಕೂ ಅದೇ ಹೆಚ್ಚು ತಡೆಯುತ್ತೆ.”

“ಏನು ಮೇಸ್ತ್ರಿ, ಅಳಿಯನ ಹತ್ರ ಪಾಠಕ್ಕೆ ಸೇರ್ಕೊಳ್ಳಿ,” ಎಂದು ಮಾಲೀಕ ನಕ್ಕ.

ಆ ನಗು ಮೇಸ್ತ್ರಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅಂದಿನಿಂದ ಅಳಿಯನ ಪಾಲಿಗೆ ನೆಮ್ಮದಿಯ ತುತ್ತಿಲ್ಲ. ಊಟಕ್ಕೆ ಕುಳಿತರೆ, “ಮಗಳೇ, ನಿನ್ನ ಗಂಡನಿಗೆ ಒಲೆ ಬೂದಿ ಬಡಿಸು, ಇಷ್ಟ ಅವನಿಗೆ,” ಎನ್ನುತ್ತಿದ್ದ. ಮಗಳೂ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಮದುವೆಯಾಗಿ ವರ್ಷಗಳು ಕಳೆದರೂ ತೊಟ್ಟಿಲು ತೂಗಿರಲಿಲ್ಲ. ಅದಕ್ಕೂ ಮೇಸ್ತ್ರಿ ಬೂದಿಯನ್ನೇ ತಳುಕು ಹಾಕುತ್ತಿದ್ದ.

ಅದೇ ಮಾಲೀಕನ ಹೊಸ ಮನೆಗೆ ಎರಡೂ ಬಗೆಯ ಮೂಟೆಗಳು ಬಂದವು. ಸಾದಾ ಸಿಮೆಂಟು ಕಂಬ, ಬೀಮುಗಳಿಗೆ. ಬೂದಿ ಬೆರೆತದ್ದು ಪಾಯಕ್ಕೆ, ಗಿಲಾವಿಗೆ. ಮೇಸ್ತ್ರಿ ಹಠಕ್ಕೆ ಬಿದ್ದು, ಮಾಲೀಕ ಇಲ್ಲದಾಗ ಸಾದಾ ಮೂಟೆಗಳನ್ನೇ ಒಡೆಸಿ ಹಿಂದಿನ ಕೋಣೆಗೆ ಗಿಲಾವು ಮಾಡಿಸಿದ. ಹಾಗಾಗಿ ಮುಂಬಾಗಿಲ ಮೇಲೆ ಹೊರಚಾಚುವ ಬೀಮು ಸುರಿಯುವ ದಿನ ಸಾದಾ ಸಿಮೆಂಟು ನಡುವೆಯೇ ಮುಗಿಯಿತು. ಮೇಸ್ತ್ರಿ ಮೇಲೆ ನಿಂತು ಕಾಂಕ್ರೀಟು ತಟ್ಟಿಸುತ್ತಿದ್ದ. ಕೆಳಗೆ ಮಿಕ್ಸರಿನ ಬಳಿ ಅಳಿಯ. ಸುರಿಯುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಬೀಮಿನಲ್ಲಿ ಬೆಸೆಯದ ಸಂದು ಉಳಿಯುತ್ತದೆ. ಅವನು ಬೂದಿ ಬೆರೆತ ಮೂಟೆಗಳನ್ನು ಒಡೆಸಿದ. ಅದೇನೂ ತಪ್ಪಾಗಿರಲಿಲ್ಲ. ಅದು ಬಲಿಯುವುದು ನಿಧಾನ, ಆಗಿನ ಚಳಿಯಲ್ಲಿ ಇನ್ನೂ ನಿಧಾನ. ಬೀಮಿನ ಕೆಳಗೆ ಕೊಟ್ಟ ಆಸರೆ ಮರಗಳನ್ನು ಹೆಚ್ಚು ದಿನ ಬಿಟ್ಟರೆ ಸಾಕಿತ್ತು.

ಸಂಜೆ ಹೇಳಲು ಹೋದ. “ಮಾವ, ಆ ಬೀಮಿಗೆ ಒಂದಿಷ್ಟು ಬೂದಿ...”

“ಶುರುವಾಯ್ತಾ ನಿನ್ನ ಬೂದಿ ಪುರಾಣ? ಬಾಯ್ಮುಚ್ಕೊಂಡು ಸನಿಕೆ ತೊಳಿ!”

ಅವನು ಸನಿಕೆ ತೊಳೆದ.

ವಾರ ಕಳೆದ ಮೇಲೆ, ಬೀಮಿನ ಮೇಲೆ ಇಟ್ಟಿಗೆ ಪೇರಿಸಿದ್ದಾಗಲೇ, ಮೇಸ್ತ್ರಿ ಆಸರೆ ಬಿಚ್ಚಲು ಸುತ್ತಿಗೆ ಕೇಳಿದ. ಸಾದಾ ಸಿಮೆಂಟಿಗೂ ಅದು ಅವಸರವೇ. ಆದರೆ ಹಾಗೆ ಬಿಚ್ಚಿ ಬಿಚ್ಚಿ ಅವನಿಗೆ ಧೈರ್ಯ ಬೆಳೆದಿತ್ತು. ಮೊದಲ ಆಸರೆಯನ್ನು ತಾನೇ ಹೊಡೆದು ಬೀಳಿಸುವುದು ಅವನ ಪದ್ಧತಿ. ಬೇರೆಯವರ ತಲೆಯ ಮೇಲೆ ತನ್ನ ಕೆಲಸವನ್ನು ಪರೀಕ್ಷೆ ಮಾಡಬಾರದು ಎನ್ನುತ್ತಿದ್ದ. ಅವನಲ್ಲಿದ್ದ ದೊಡ್ಡ ಗುಣ ಅದೊಂದೇ.

“ಮಾವ,” ಎಂದ ಅಳಿಯ.

ಮೇಸ್ತ್ರಿ ತಿರುಗಿ ಆಳುಗಳತ್ತ ಕಣ್ಣು ಹೊಡೆದ. “ನೋಡ್ರೋ, ಒಂದು ಮಗು ಹುಟ್ಟಿಸೋಕಾಗದವನು ಬೀಮಿನ ವಿಷ್ಯ ಹೇಳೋಕೆ ಬಂದ!”

ಆಳುಗಳು ಗೊಳ್ಳೆಂದರು. ಅಳಿಯನ ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ಭಗವಂತ ಮನುಷ್ಯನಿಗೆ ಅಂಥ ಗಳಿಗೆಯನ್ನು ಕೊಡುತ್ತಾನೆ; ಕಸಿದುಕೊಳ್ಳುವ ಮುನ್ನ ಕಾಯುತ್ತಾನೆ ಕೂಡ. ಅವನು ತುಟಿ ಬಿಗಿದು ಸುತ್ತಿಗೆಯನ್ನು ಮಾವನ ಕೈಗಿತ್ತ. ಹಿಂದೆ ಸರಿದು, ನಗುತ್ತಿದ್ದ ಆಳುಗಳನ್ನೂ ಕೈಚಾಚಿ ಹಿಂದೆ ಸರಿಸಿದ.

ಮೊದಲ ಮರ ಬಿತ್ತು, ಬೀಮು ನಿಂತಿತು. ಮೇಸ್ತ್ರಿ ನೋಡಿದಿರಾ ಎಂಬಂತೆ ಎದೆಯುಬ್ಬಿಸಿ ಎರಡನೆಯದಕ್ಕೆ ಹೊಡೆದ.

ಇಟ್ಟಿಗೆಯ ರಾಶಿಯನ್ನು ಸರಿಸಿ ಅವನನ್ನು ಹೊರಗೆಳೆದಾಗ ಸೊಂಟದಿಂದ ಕೆಳಗೆ ಏನೂ ಉಳಿದಿರಲಿಲ್ಲ. ಜೀವ ಮಾತ್ರ ಇತ್ತು. ಅಳಿಯ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಮೇಸ್ತ್ರಿ ಪಕ್ಕದಲ್ಲಿ ಬಿದ್ದ ಕಾಂಕ್ರೀಟಿನ ತುಣುಕನ್ನು ಬೆರಳಲ್ಲಿ ಉಜ್ಜಿದ. ಅದರ ಅಂಚಿನಿಂದ ಪುಡಿ ಉದುರಿತು.

“ಏನಪ್ಪಾ ಇದು... ನಿಜ ಹೇಳು. ಯಾವ ಸಿಮೆಂಟು ಹಾಕಿದ್ದೆ?”

ಬದುಕಿನಲ್ಲಿ ಮೊದಲ ಸಲ ಮೇಸ್ತ್ರಿ ಅವನನ್ನು ಅಪ್ಪಾ ಎಂದಿದ್ದ.

“ಐವತ್ಮೂರೇ, ಮಾವ. ಪೂರ್ತಿ ಐವತ್ಮೂರು.”

ಮೇಸ್ತ್ರಿಯ ಕಣ್ಣುಗಳಲ್ಲಿದ್ದ ನೋವು ಬೇರೆಯದಾಯಿತು. ಮೂವತ್ತು ವರ್ಷ ಕಟ್ಟಿದ ಮನೆಗಳನ್ನೆಲ್ಲ ಆ ಕಣ್ಣುಗಳು ಒಂದೊಂದಾಗಿ ತಡವಿ ನೋಡುತ್ತಿದ್ದವು.

“ಹಾಗಾದ್ರೆ ನನ್ನ ಕೈಯೇ ಕೆಟ್ಟಿತ್ತು,” ಎಂದ.

ಅಳಿಯ ಅಲ್ಲವೆನ್ನಲಿಲ್ಲ. ಮಾವನ ಹಣೆಗೆ ಮೆತ್ತಿದ್ದ ಧೂಳನ್ನು ಒರೆಸುತ್ತ, ಉಸಿರು ನಿಲ್ಲುವವರೆಗೂ ಆ ಕಣ್ಣುಗಳನ್ನೇ ನೋಡುತ್ತ ಕುಳಿತ.