ಹತ್ತು ಸಾವಿರದ ಕ್ವಾರ್ಟರ್ಸ್

ನಯಾಜ್ ಬಾಯ್ಲರ್ ಮನೆಯಿಂದ ಓಡಿ ಬಂದ ರಭಸಕ್ಕೆ ಬೆಂಕಿ ಗಿಂಕಿ ಹತ್ತಿಕೊಂಡಿತೇನೋ ಅಂತ ನನ್ನ ಎದೆ ಧಸಕ್ ಅಂದಿತು. ನೋಡಿದರೆ ಕೈಯಲ್ಲಿ ಫೋನು, ಮುಖದ ತುಂಬ ನಗು.

"ಇರ್ಫಾನಾ, ಬಂತು ನೋಡು! ಕುಡತಿನಿ ಕಡೆ ಫ್ಯಾಕ್ಟರಿಯವ್ರು ಆಫರ್ ಲೆಟರ್ ಕಳಿಸ್ಯಾರ. ಕೈಗೆ ಮೂವತ್ತೊಂದು ಸಾವಿರ. ಅದರಾಗ ಆರು ಸಾವಿರ ಮನಿ ಬಾಡಿಗಿ ಅಂತ ಸೇರಿಸಿ ಕೊಡ್ತಾರ. ಇಲ್ಲಿ ಇಪ್ಪತ್ನಾಲ್ಕು. ಏಳು ಸಾವಿರ ಜಾಸ್ತಿ!"

ನನ್ನ ಗಂಡ ಒಳ್ಳೆಯ ಮನುಷ್ಯ. ಬಾಯ್ಲರಿನ ಒತ್ತಡ ಕೂದಲೆಳೆಯಷ್ಟು ಏರಿದರೂ ಗುರುತಿಸುತ್ತಾನೆ. ಆದರೆ ತನ್ನ ತಲೆಯ ಮೇಲಿನ ಸೂರು ಅವನ ಕಣ್ಣಿಗೆ ಬೀಳುವುದಿಲ್ಲ. ನನಗೆ ಸಿಟ್ಟು ಬಂತು.

"ಈ ಮನಿ ಏನು ಆಕಾಶದಿಂದ ಉದುರೇತೇನ್ರಿ? ಇಲ್ಲಿ ಬಾಡಿಗಿ ಇಲ್ಲ. ಅಲ್ಲಿ ನಾವು ಎಲ್ಲಿ ಮಲಗೋದು? ಅವರು ಕೊಡೋ ಆರು ಸಾವಿರ ಮೊದ್ಲು ಮನಿ ಓನರ್ ಕೈಗೆ ಹೋಗತೈತಿ, ಆಮ್ಯಾಲ ನಿಮ್ಮ ಕೈಗೆ."

ಆರು ವರ್ಷದಿಂದ ನಾವು ಸಿರುಗುಪ್ಪದ ಈ ರೈಸ್ ಮಿಲ್ಲಿನ ಕಾಂಪೌಂಡಿನೊಳಗೇ ಇದ್ದೇವೆ. ಎರಡು ಕೋಣೆ, ಒಂದು ಅಡುಗೆಮನೆ. ಬಾಡಿಗೆ ಇಲ್ಲ, ನೀರು ಪುಕ್ಕಟೆ, ಕರೆಂಟು ಪುಕ್ಕಟೆ. ಅದರ ಜೊತೆಗೆ ಬಾಯ್ಲರಿನಿಂದ ಹಾರಿಬರುವ ಭತ್ತದ ಹೊಟ್ಟಿನ ಬೂದಿಯೂ ಪುಕ್ಕಟೆ. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಎಳ್ಳು ಉದುರಿಸಿದ ಹಾಗೆ ಕಪ್ಪು ಚುಕ್ಕೆ. ನನ್ನ ತಾಯಿ ನೋಡಲು ಬಂದರೆ ಗೇಟಿನಲ್ಲಿ ಹೆಸರು ಬರೆಸಿಯೇ ಒಳಗೆ ಬರಬೇಕು. ಎಲ್ಲಕ್ಕಿಂತ ದೊಡ್ಡದು, ಕ್ವಾರ್ಟರ್ಸಿನಲ್ಲಿ ಯಾವ ವ್ಯಾಪಾರವನ್ನೂ ಮಾಡಕೂಡದು ಎಂಬ ಮಿಲ್ಲಿನ ರೂಲ್ಸು.

ಮದುವೆಗೆ ಮುಂಚೆ ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ದುಡಿದವಳು ನಾನು. ಆ ಸಂಬಳದಲ್ಲಿ ಕೊಂಡ ಹೊಲಿಗೆ ಮಷಿನ್ನು ಇಲ್ಲಿ ಮೂಲೆಯಲ್ಲಿ ಹಳೆಯ ಚಾದರ ಹೊದ್ದು ಕೂತಿದೆ. ಒಮ್ಮೆ ಪಕ್ಕದ ಮನೆಯವಳ ಎರಡು ಬ್ಲೌಸು ಹೊಲಿದಿದ್ದಕ್ಕೆ ಮ್ಯಾನೇಜರ್ ಗಾದಿಲಿಂಗ ಬಾಗಿಲ ಮುಂದೆ ನಿಂತು, "ಇದು ಅಂಗಡಿ ಅಲ್ಲಮ್ಮ" ಎಂದಿದ್ದರು. ನನಗೆ ಬೇಕಾಗಿದ್ದು ಬಂಗಲೆಯಲ್ಲ. ನನ್ನ ಮಷಿನ್ನು ಓಡಬೇಕು, ಅಷ್ಟೇ. ಅದನ್ನು ನೆನೆದಾಗಲೆಲ್ಲ ನನಗೆ ಅಳು ಬರುತ್ತಿತ್ತು, ಅತ್ತೂ ಇದ್ದೇನೆ.

ಆ ಭಾನುವಾರ ಇಬ್ಬರೂ ಮನೆ ನೋಡಲು ಬಳ್ಳಾರಿಗೆ ಹೋದೆವು. ಕುಡತಿನಿ ಬಳ್ಳಾರಿಗೆ ಹತ್ತಿರ, ಅಲ್ಲಿ ಕೆಲಸ ಅಂದರೆ ಬಳ್ಳಾರಿಯಲ್ಲಿ ಮನೆ ಅಂತಲೇ ಇಬ್ಬರ ತಲೆಯಲ್ಲೂ ಕೂತಿತ್ತು. ಬ್ರೂಸ್‌ಪೇಟೆಯ ಸಂದಿಗಳಲ್ಲಿ ಬಿಸಿಲಿಗೆ ಬೆಂದು ಸುತ್ತಿದೆವು. ನಮ್ಮ ಕ್ವಾರ್ಟರ್ಸಿನಷ್ಟೇ ಇರುವ ಮನೆಗೆ ಒಂಬತ್ತು ಸಾವಿರ. ಅಡ್ವಾನ್ಸ್ ಕೇಳಿ ನಯಾಜನ ಬಾಯಿ ಒಣಗಿತು. ವಾಪಸು ಬಸ್ಸಿನಲ್ಲಿ ನಾನೇ ಹೇಳಿದೆ:

"ಮೂವತ್ತೊಂದರಾಗ ಒಂಬತ್ತು ಹೋದ್ರ ಇಪ್ಪತ್ತೆರಡು ಉಳೀತೈತಿ. ಇಲ್ಲಿ ಮನಿ ಕೊಟ್ಟು ಮ್ಯಾಲ ಇಪ್ಪತ್ನಾಲ್ಕು ಕೊಡ್ತಾರ. ನಿಮ್ಮ ಏಳು ಸಾವಿರ ಎಲ್ಲೈತ್ರಿ ಈಗ?"

ಅವನು ಕಿಟಕಿಯ ಕಡೆ ತಿರುಗಿ ಕೂತ. ವಾದದಲ್ಲಿ ಗೆದ್ದವಳು ನಾನು. ಆದರೆ ಗೆದ್ದ ಖುಷಿ ಒಂದಿಷ್ಟೂ ಇರಲಿಲ್ಲ, ಏಕೆಂದರೆ ಆ ಗೆಲುವಿನಲ್ಲಿ ನನ್ನ ಮಷಿನ್ನು ಮತ್ತೆ ಚಾದರದಡಿಗೇ ಹೋಗುತ್ತಿತ್ತು.

ಮಿಲ್ಲಿನಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಮರುದಿನವೇ ಗಾದಿಲಿಂಗ ಸಾರ್ ಇಬ್ಬರನ್ನೂ ಆಫೀಸಿಗೆ ಕರೆಸಿದರು. ಬಾಯ್ಲರ್ ಸರ್ಟಿಫಿಕೇಟ್ ಇರುವ ಆಪರೇಟರ್ ಸುಲಭಕ್ಕೆ ಸಿಗುವುದಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ಚಹಾ ತರಿಸಿದರು. ಆರು ವರ್ಷದಲ್ಲಿ ಮೊದಲ ಸಲ.

"ನಯಾಜ್, ಬರೇ ಕೈಗೆ ಬರೋದು ನೋಡಬ್ಯಾಡಪ್ಪ. ನಾವು ಕೊಟ್ಟ ಮನಿ ಲೆಕ್ಕಕ್ಕ ಹಿಡಿ. ಬಳ್ಳಾರಿಯಾಗ ಅಂಥ ಮನಿಗಿ, ನೀರು ಕರೆಂಟು ಎಲ್ಲಾ ಸೇರಿ, ಹತ್ತು ಸಾವಿರ. ನಿನ್ನ ಸಂಬಳ ಮೂವತ್ನಾಲ್ಕು ಆತಲ್ಲ? ಅವರು ಕೊಡೋದು ಮೂವತ್ತೊಂದು. ಮೂರು ಸಾವಿರ ಲುಕ್ಸಾನು ಮಾಡ್ಕೊಂಡು ಹೋಗ್ತಿಯೇನು?"

ನಯಾಜ್ ತಲೆಯಾಡಿಸಿದ. ನಾನೂ ಆಡಿಸಿದೆ. ಬಸ್ಸಿನಲ್ಲಿ ನಾನು ಹೇಳಿದ್ದನ್ನೇ ಸೂಟು ಬೂಟು ಹಾಕಿ ಕೂರಿಸಿದ್ದರಲ್ಲ! ಹೊರಗೆ ಬಂದ ಮೇಲೆ ನಯಾಜ್, "ನೀನು ಹೇಳಿದ್ದು ಖರೇ ಬಿಡು" ಎಂದ. ಮೆಚ್ಚುಗೆ ಕೇಳಿಯೂ ನನಗೆ ಸಮಾಧಾನವಾಗಲಿಲ್ಲ. ಗಾದಿಲಿಂಗ ಸಾರ್ ಮತ್ತು ನಾನು ಒಂದೇ ಮಾತು ಆಡಿದ್ದೇವೆ ಅಂದರೆ ಎಲ್ಲೋ ತಪ್ಪಾಗಿರಲೇಬೇಕು.

ಆ ತಪ್ಪನ್ನು ಹುಡುಕಿಕೊಟ್ಟವಳು ಕುರುಗೋಡಿನಲ್ಲಿರುವ ನನ್ನ ತಾಯಿ ಮೀರಾಬಿ, ಅದೂ ತನಗೇ ಗೊತ್ತಿಲ್ಲದ ಹಾಗೆ. ಫೋನಿನಲ್ಲಿ ಅವಳ ಹತ್ತಿರ ಗೋಳು ತೋಡಿಕೊಂಡೆ. ಅವಳು ಎಲ್ಲ ಕೇಳಿ, ಕೊನೆಗೆ ಬೈದಳು.

"ಒಂಬತ್ತು ಸಾವಿರನಾ? ನಮ್ಮ ಓಣಿಯಾಗ ವಿರೂಪಮ್ಮನ ಮನಿ ಖಾಲಿ ಬಿದ್ದೈತಿ. ರೋಡಿಗೇ ಒಂದು ರೂಮ್ ಐತಿ. ಮೂರೂವರಿ ಸಾವಿರಕ್ಕ ಕೇಳೋರಿಲ್ಲ. ಆ ಫ್ಯಾಕ್ಟರಿ ಬಸ್ಸು ದಿನಾ ಸರ್ಕಲ್ನಾಗ ನಿಂತು ಹುಡುಗ್ರನ್ನ ಹತ್ತಿಸ್ಕೊಂಡು ಹೋಗತೈತಲ್ಲ, ನಿನಗ ಗೊತ್ತಿಲ್ಲೇನು?"

ನಾನು ಫೋನ್ ಹಿಡಿದುಕೊಂಡೇ ಎದ್ದು ನಿಂತೆ. ನಾವು ಬೆಲೆ ಕಟ್ಟಿದ್ದು ಬಳ್ಳಾರಿಯ ಮನೆಗೆ. ನಾವು ಇದ್ದದ್ದು ಸಿರುಗುಪ್ಪದಲ್ಲಿ, ಹೋಗಿ ಇರಬಹುದಾಗಿದ್ದು ಕುರುಗೋಡಿನಲ್ಲಿ. ಪುಕ್ಕಟೆ ಮನೆಯ ಬೆಲೆ ಅಂದರೆ ಅದು ನಮಗೆ ಉಳಿಸಿಕೊಡುವ ಬಾಡಿಗೆ. ನಾವು ಎಂದೂ ಇರದ ಊರಿನ ಬಾಡಿಗೆಯನ್ನು ಅದು ನಮಗೆ ಹೇಗೆ ಉಳಿಸಿಕೊಟ್ಟೀತು?

ಆದರೆ ಒಂದು ಅನುಮಾನ ಉಳಿದಿತ್ತು. ಮೂರೂವರೆ ಸಾವಿರದ ಮನೆ ಹಿಡಿದರೆ ಬಾಡಿಗೆಯ ಹಣವನ್ನೂ ಅಷ್ಟಕ್ಕೇ ಇಳಿಸಿಬಿಟ್ಟರೆ? ಆಫರ್ ಲೆಟರಿನಲ್ಲಿದ್ದ ನಂಬರಿಗೆ ನಯಾಜನ ಕೈಯಿಂದ ಫೋನ್ ಮಾಡಿಸಿ ಸ್ಪೀಕರ್ ಹಾಕಿಸಿದೆ. ಎತ್ತಿದ್ದು ಎಚ್.ಆರ್. ಆಫೀಸಿನ ಅಕ್ಷಿತಾ ಎಂಬ ಹುಡುಗಿ.

"ಮೇಡಂ, ಬಾಡಿಗಿ ಕಮ್ಮಿ ಇದ್ರ ಆರು ಸಾವಿರ ಕಮ್ಮಿ ಮಾಡ್ತೀರೇನ್ರಿ?" ಎಂದು ನಯಾಜ್ ಕೇಳಿದ.

"ಇಲ್ರಿ. ಅದು ನಿಮ್ಮ ಸಂಬಳದ ಭಾಗ, ಫಿಕ್ಸ್ ಇರ್ತೈತಿ. ನೀವು ಎಷ್ಟು ಬಾಡಿಗಿ ಕಟ್ಟಿದ್ರೂ ಅಷ್ಟೇ ಬರ್ತೈತಿ, ಸ್ವಂತ ಮನಿ ಇದ್ರೂ ಬರ್ತೈತಿ. ಬಾಡಿಗಿ ರಸೀದಿ ಬೇಕಾಗೋದು ಟ್ಯಾಕ್ಸ್ ಉಳಿಸೋರಿಗೆ. ನಿಮ್ಮ ಸಂಬಳಕ್ಕ ಟ್ಯಾಕ್ಸೇ ಬರಂಗಿಲ್ಲ ಬಿಡ್ರಿ."

"ಮತ್ತ ಕುರುಗೋಡಿಂದ ಬಸ್ಸು?"

"ಎಲ್ಲಾ ಶಿಫ್ಟಿಗೂ ಐತ್ರಿ. ದುಡ್ಡು ಹಿಡಿಯಂಗಿಲ್ಲ."

ಫೋನ್ ಇಟ್ಟ ಮೇಲೆ ನಯಾಜ್ ನನ್ನ ಮುಖ ನೋಡಿದ. ಮೂವತ್ತೊಂದರಲ್ಲಿ ಮೂರೂವರೆ ಕಳೆದರೆ ಇಪ್ಪತ್ತೇಳೂವರೆ, ಇಲ್ಲಿಯ ಇಪ್ಪತ್ನಾಲ್ಕಕ್ಕಿಂತ ಮೂರೂವರೆ ಜಾಸ್ತಿ. ಅವನ ತುಟಿ ಅಲುಗುತ್ತಿದ್ದದ್ದು ನನಗೆ ಕಾಣಿಸಿತು. ಇಬ್ಬರಿಗೂ ಒಟ್ಟಿಗೇ ನಗು ಬಂತು.

ಆದರೂ ಮರುದಿನ ಗಾದಿಲಿಂಗ ಸಾರ್ ಹತ್ತಿರ ಹೋದೆವು. ಉಪ್ಪುಂಡ ಜಾಗ, ಹೇಳದೆ ಹೋಗುವುದು ಸರಿಯಲ್ಲ ಎಂದು ನಯಾಜ್ ಹಟ ಹಿಡಿದ. ನನ್ನ ಮನಸ್ಸಿನಲ್ಲಿ ಬೇರೆಯದೇ ಇತ್ತು. ಈ ಸಲ ಮಾತು ತೆಗೆದವಳು ನಾನು.

"ಸಾರ್, ನೀವು ಹೇಳಿದ್ದು ಭಾಳ ವಿಚಾರ ಮಾಡಿದ್ವಿ. ಮನಿ ಕಿಮ್ಮತ್ತು ಹತ್ತು ಸಾವಿರ ಅಂದ್ರಲ್ಲ?"

"ಹೂನಮ್ಮ. ಹತ್ತಕ್ಕ ಒಂದು ಪೈಸಾ ಕಮ್ಮಿ ಇಲ್ಲ."

"ಹಂಗಾದ್ರ ನಾವು ಇಲ್ಲೇ ಇರ್ತೀವಿ ಸಾರ್. ನಿಮ್ಮ ಮನಿ ನೀವು ಇಟ್ಕೊಳ್ರಿ. ಆ ಹತ್ತು ಸಾವಿರ ಸಂಬಳದಾಗ ಹಾಕಿ ಕೊಡ್ರಿ. ನಾವು ಗೇಟಿನ ಹೊರಗ ಒಂದು ಮನಿ ಹಿಡೀತೀವಿ."

ಅವರ ಕೈಯಲ್ಲಿದ್ದ ಚಹಾದ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಪಕ್ಕದ ಮೇಜಿನ ಗುಮಾಸ್ತ ತಲೆ ಬಗ್ಗಿಸಿದ. ನಗು ತಡೆಯಲೆಂದೇ ಬಗ್ಗಿಸಿದ್ದು.

"ಅದೆಂಗ ಆಗತೈತಮ್ಮ? ಹತ್ತು ಸಾವಿರ! ಈ ಊರಾಗ ಇಂಥ ಮನಿಗಿ ಹೊರಗ ಮೂರು, ಮೂರೂವರಿ ಮ್ಯಾಲ ಯಾವನು ಕೊಡ್ತಾನ?"

ಬಾಯಿಂದ ಬಿದ್ದ ಮಾತನ್ನು ಅವರು ಮತ್ತೆ ನುಂಗಲಾರದೆ ಹೋದರು. ನಾನು ನಯಾಜನ ಕಡೆ ನೋಡಿದೆ. ಆರು ವರ್ಷ ಹೂಂ ಸಾರ್, ಹೂಂ ಸಾರ್ ಅಂದವನು ಅಂದು ನೆಟ್ಟಗೆ ನಿಂತು ಹೇಳಿದ:

"ಹಂಗಾರ ನನ್ನ ಸಂಬಳ ಮೂವತ್ನಾಲ್ಕು ಅಲ್ರಿ ಸಾರ್, ಇಪ್ಪತ್ನಾಲ್ಕಕ್ಕ ಮನಿದು ಮೂರೂವರಿ ಕೂಡಿಸಿದ್ರ ಇಪ್ಪತ್ತೇಳೂವರಿ. ಮೂವತ್ತೊಂದರ ಮುಂದ ಅದು ಕಮ್ಮೀನ. ಕರೆಂಟಿಗೂ ಹೊರಗ ಗೃಹಜ್ಯೋತಿ ಐತಿ. ಮತ್ತ ಮನಿ ಒಳಗೈತಿ ಅಂತ ಕರೆದಾಗೆಲ್ಲ ಬಂದು ಬಾಯ್ಲರ್ ನೋಡೀನಿ. ಅದಕ್ಕ ಓಟಿ ಯಾರು ಕೊಟ್ಟಾರ?"

ನನ್ನ ಗಂಡನ ಬಾಯಲ್ಲಿ ಇಷ್ಟು ಉದ್ದದ ಮಾತು! ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. ಇದು ನಾನು ಹೇಳಿಕೊಟ್ಟದ್ದಾಗಿರಲಿಲ್ಲ.

ಗಾದಿಲಿಂಗ ಸಾರ್ ದನಿ ಮೆತ್ತಗಾಯಿತು. "ಎರಡು ಸಾವಿರ ಹೆಚ್ಚಿಗಿ ಮಾಡಾಕ ಸಾವುಕಾರ್ರಿಗೆ ಹೇಳ್ತೀನಿ. ಇದ್ದಬಿಡ್ರಪ್ಪ."

"ಮಷಿನ್ ಹಾಕಿ ಹೊಲಿಯಾಕ ಬಿಡ್ತೀರೇನ್ರಿ ಸಾರ್?" ಎಂದೆ. ಅಷ್ಟು ಹೊತ್ತು ಇದಕ್ಕೇ ಕಾದಿದ್ದೆ. ಹೂಂ ಅಂದಿದ್ದರೆ ನಾನು ಕೂತುಬಿಡುತ್ತಿದ್ದೆನೋ ಏನೋ.

"ಅದೊಂದು ಆಗಂಗಿಲ್ಲಮ್ಮ. ಕ್ವಾರ್ಟರ್ಸು ಕಂಪನೀದು. ರೂಲ್ಸು ರೂಲ್ಸೇ."

"ಅದಕ್ಕ ಹೊಂಟೀವಿ ಸಾರ್. ನಮ್ಮ ಲೆಕ್ಕದಾಗ ಆ ರೂಲ್ಸಿಗೂ ಒಂದು ಕಿಮ್ಮತ್ತು ಐತಿ," ಎಂದೆ.

ನೋಟಿಸಿನ ತಿಂಗಳು ಮುಗಿದ ದಿನ ಕೀಲಿ ಕೊಟ್ಟೆವು. ಟೆಂಪೋದಲ್ಲಿ ಎಲ್ಲದಕ್ಕಿಂತ ಮೊದಲು ಹತ್ತಿದ್ದು ಮಷಿನ್ನು. ಗೇಟಿನ ಕಾವಲುಗಾರ ಓಬಣ್ಣ ಚಾದರ ಎತ್ತಿ ನೋಡಿ, "ಇದು ಇನ್ನೂ ಓಡ್ತೈತೇನವ್ವ?" ಎಂದು ಕೇಳಿದ. ಓಡಿಸಿ ತೋರಿಸ್ತೀನಿ, ಕುರುಗೋಡಿಗೆ ಬಾ ಎಂದೆ.

ವಿರೂಪಮ್ಮನ ಮನೆಯ ರೋಡಿನ ರೂಮಿನಲ್ಲಿ ಮಷಿನ್ನಿಗೆ ಎಣ್ಣೆ ಬಿಟ್ಟು ತುಳಿದಾಗ ಮೊದಲು ಕಿರುಗುಟ್ಟಿ ಮುನಿಸು ತೋರಿಸಿತು. ಆಮೇಲೆ ಹಾಡಿಗೆ ಬಿತ್ತು. ಮೊದಲ ವಾರದಲ್ಲೇ ಓಣಿಯ ಹೆಂಗಸರ ಬ್ಲೌಸುಗಳು ಗುಡ್ಡೆ ಬಿದ್ದವು. ಬಾಡಿಗೆ ಕೊಟ್ಟು ಆರು ಸಾವಿರದಲ್ಲಿ ಉಳಿದದ್ದನ್ನು ನಯಾಜ್ ನನ್ನ ಕೈಗಿಟ್ಟ. ಬಟ್ಟೆಯ ಅಂಚು ಹೊಲಿಯುವ ಇಂಟರ್‌ಲಾಕ್ ಮಷಿನ್ನಿಗೆ ಅದನ್ನು ಕೂಡಿಡುತ್ತಿದ್ದೇನೆ.

ಒಂದು ಮಧ್ಯಾಹ್ನ ಓಬಣ್ಣ ನಿಜಕ್ಕೂ ಬಂದ, ಹೆಂಡತಿಯನ್ನೂ ಕರೆದುಕೊಂಡು. ಬಾಗಿಲಲ್ಲೇ ನಿಂತು ಅಭ್ಯಾಸಬಲದಿಂದ ಆಚೀಚೆ ನೋಡಿದ. ಹೆಸರು ಬರೆಯುವ ಪುಸ್ತಕ ಇಲ್ಲಿ ಎಲ್ಲಿದೆ!

"ಮಿಲ್ಲಿನಾಗ ಹೊಸ ಆಪರೇಟರ್ ಬಂದಾನವ್ವ. ಮನಿ ಬ್ಯಾಡಂತ, ಹೊರಗಿರ್ತಾನಂತ. ಮೂವತ್ತು ಕೊಟ್ಟು ಇಟ್ಕೊಂಡಾರ," ಎಂದ.

ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಪಕ್ಕದಲ್ಲೇ ಇರುವ ವಿರೂಪಮ್ಮ ಅಡುಗೆ ಬಿಟ್ಟು ಓಡಿ ಬಂದರು. ಓಬಣ್ಣನ ಹೆಂಡತಿ ಕೈಚೀಲದಿಂದ ಬ್ಲೌಸ್ ಪೀಸ್ ತೆಗೆದಳು. ಹೊರಗೆ ತಂತಿಯ ಮೇಲೆ ನಯಾಜನ ಬಿಳಿ ಅಂಗಿ ಒಣಗುತ್ತಿತ್ತು, ಒಂದೇ ಒಂದು ಕಪ್ಪು ಚುಕ್ಕೆಯೂ ಇಲ್ಲದೆ. ನಾನು ಅಳತೆ ಟೇಪು ಕೊರಳಿಗೆ ಹಾಕಿಕೊಂಡು, "ಒಳಗ ಬಾ ಅವ್ವಾ, ಇದು ಅಂಗಡಿ," ಎಂದೆ.