ಆಜಿ ಗಂಟು ಬಿಚ್ಚುತ್ತಾಳೋ ಇಲ್ಲವೋ

“ಇದರೊಳಗ ನಾ ಏನು ಕೇಳ್ಲಿಕ್ಕತ್ತೀನಿ?”

ಕುಮುದಿನಿ ಈ ಮಾತನ್ನು ಗಟ್ಟಿಯಾಗಿಯೇ ಆಡಿದಳು. ಕೇಳಲು ಮಾತ್ರ ಯಾರೂ ಇರಲಿಲ್ಲ. ಬೆಳಗಾವಿಯ ಆ ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ಅವಳೆದುರಿಗೆ ಇದ್ದುದು ಕಂಪ್ಯೂಟರ್ ಒಂದೇ. ಪರದೆಯ ಮೇಲೆ, ಅವಳ ಕಿರುಚಿತ್ರದಲ್ಲಿ, ಖಾನಾಪುರದ ಮಲಪ್ರಭೆ ತಣ್ಣಗೆ ಹರಿದುಹೋಯಿತು. ನದಿ ಮುಗಿದರೆ ಗುಂಜಿಯ ರೈಲು ಸ್ಟೇಷನ್, ಸ್ಟೇಷನ್ ಮುಗಿದರೆ ಆಜಿಯ ಮದುವೆಯ ಫೋಟೋ, ಅದಾದ ಮೇಲೆ ತುಳಸಿಗೆ ನೀರೆರೆಯುವ ಆಜಿ, ಹೂಬತ್ತಿ ಹೊಸೆಯುವ ಆಜಿ. ಒಂದಕ್ಕಿಂತ ಒಂದು ಚಂದ. ಆದರೂ ಮತ್ತೊಮ್ಮೆ ನೋಡುವಷ್ಟರಲ್ಲಿ ಅವಳಿಗೇ ಆಕಳಿಕೆ ಬಂದಿತ್ತು. ತನ್ನ ಆಜಿಯನ್ನು ನೋಡಿ ತನಗೇ ಆಕಳಿಕೆ ಬಂತಲ್ಲ ಎಂದು ನಾಚಿಕೆಯೂ ಆಯಿತು.

ಸಿನಿಮಾ ಪಾಠ ಹೇಳುವ ಅಲಕಾ ಮೇಡಂ ಬಂದರು. ಹಿಂದೆಯೇ ಮೈಲಾರಲಿಂಗನೂ ಬಂದ. ಇವನು ಕುಮುದಿನಿಯ ಜೊತೆಗಾರ. ಕ್ಯಾಮೆರಾ ಅವನದು, ಮಾತು ಇವಳದು ಎಂದು ಹಂಚಿಕೊಂಡಿದ್ದರು. ಗುಂಜಿಯ ಕುರುಬರ ಹುಡುಗ, ಅಡವಿಯ ಅಂಚಿನಲ್ಲಿ ಕುರಿ ಎಣಿಸಿ ಪಳಗಿದ ಕಣ್ಣು. ಚೌಕಟ್ಟಿನೊಳಗೆ ಏನು ಅಲುಗಿದರೂ ಅವನಿಗೆ ತಿಳಿಯುತ್ತಿತ್ತು.

ಮೇಡಂ ಐದು ನಿಮಿಷದ ಆ ಚಿತ್ರವನ್ನು ಪೂರ್ತಿ ನೋಡಿದರು.

“ಇದು ಯಾರ ಮ್ಯಾಲೆ?”

“ನಮ್ಮ ಆಜಿ ಮ್ಯಾಲೆ ಮೇಡಂ. ಆಕಿ ಇಡೀ ಜೀವನ.”

“ಐದು ನಿಮಿಷದಾಗ ಇಡೀ ಜೀವನ! ಪಾಪ, ಆಜಿಗೆ ಉಸಿರಾಡ್ಲಿಕ್ಕೂ ಪುರುಸೊತ್ತ ಕೊಟ್ಟಿಲ್ಲಲ್ಲವಾ ನೀ.”

ಮೈಲಾರಲಿಂಗ ನಗು ತಡೆದುಕೊಳ್ಳಲು ಗೋಡೆ ನೋಡಿದ.

ಮೇಡಂ ಕುರ್ಚಿ ಎಳೆದುಕೊಂಡು ಕೂತರು. “ಆಜಿ ಅನ್ನೂದು ವಿಷಯ. ವಿಷಯಕ್ಕ ಯಾರೂ ಕಾಯೂದಿಲ್ಲ, ಪ್ರಶ್ನಿಗೆ ಕಾಯ್ತಾರ. ಒಬ್ಬಾಕಿಗೆ ಏನೋ ಒಂದು ಬೇಕಾಗಿರಬೇಕು, ಅದಕ್ಕೊಂದು ಅಡ್ಡಿ ಇರಬೇಕು. ಆಗತದೋ ಇಲ್ಲೋ? ಹೌದು, ಇಲ್ಲ, ಎರಡರಾಗ ಒಂದು ಉತ್ತರ. ಅದೂ ಕಣ್ಣಿಗೆ ಕಾಣೋ ಹಂಗ. ಮೊದಲನೇ ನಿಮಿಷದಾಗ ಆ ಪ್ರಶ್ನಿ ನೋಡಾವರ ಎದಿಯೊಳಗ ಬೀಳಬೇಕು, ನಡುವ ಅದು ಬಿಗೀತಾ ಹೋಗಬೇಕು. ಉತ್ತರ ಬಂತೋ, ಮುಗೀತು. ಮ್ಯಾಲೆ ಒಂದು ಶಾಟ್ ಸೈತ ಬ್ಯಾಡ.”

“ಹಂಗಾರ ನದಿ ತಗೀಬೇಕೇನ್ರಿ?” ಮೈಲಾರಲಿಂಗ ಕೇಳಿದ. “ಮೊಣಕಾಲ ಮಟ ನೀರಾಗ ನಿಂತು ತಗದೇನ್ರಿ ಅದನ್ನ.”

“ನದಿಗೆ ಏನರ ಬೇಕಾಗೇದೇನಪಾ?”

“ಇಲ್ರಿ.”

“ಮತ್ತ?”

ನದಿ ಹೋಯಿತು. ಸ್ಟೇಷನ್ನೂ ಹೋಯಿತು. ಮದುವೆಯ ಫೋಟೋದ ಮುಂದೆ ಕುಮುದಿನಿಯ ಕೈ ತಡೆಯಿತು, ಆಮೇಲೆ ಅದೂ ಹೋಯಿತು. ಸೋಮವಾರ ಚಿತ್ರ ಒಪ್ಪಿಸಬೇಕು. ಕೈಯಲ್ಲಿ ಈಗ ಏನೂ ಉಳಿದಿರಲಿಲ್ಲ.

ಸಂಜೆಯ ಬಸ್ಸಿಗೆ ಇಬ್ಬರೂ ಖಾನಾಪುರದ ಕುಮುದಿನಿಯ ಮನೆಗೆ ಹೊರಟರು. ದಾರಿಯುದ್ದಕ್ಕೂ ಕುಮುದಿನಿಗೆ ಆಜಿಯ ಹಾಡೇ ನೆನಪಾಗುತ್ತಿತ್ತು. ಮೊದಲಿನಿಂದಲೂ ಅವಳು ಕೇಳುವವಳು. ಆಜಿ ಗಜೇಂದ್ರನ ಕಥೆಯ ಪದ್ಯಗಳನ್ನು ಹಾಡುವಾಗ ತೊಡೆಯ ಬದಿಗೆ ಒರಗಿ ಕೂತು ಬೆಳೆದವಳು. ಮೊಸಳೆ ಆನೆಯ ಕಾಲು ಹಿಡಿಯಿತು, ಆನೆ ಸೋತಿತು, ಸೊಂಡಿಲೆತ್ತಿ ಕೂಗಿತು. ಅಲ್ಲಿಗೆ ಬಂದಾಗಲೆಲ್ಲ ಅವಳು, “ಬರ್ತಾನೇನು ಆಜಿ?” ಎಂದು ಕೇಳುತ್ತಿದ್ದಳು. ದೇವರು ಬರುತ್ತಾನೆಂದು ಹಿಂದಿನ ವಾರವೇ ಗೊತ್ತಾಗಿರುತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಕೇಳುತ್ತಿದ್ದಳು. ಮೇಡಂ ಹೇಳಿದ ಪ್ರಶ್ನೆ ಎಂದರೆ ಇಂಥದೇ ಇರಬೇಕು ಎಂದುಕೊಂಡಳು. ಆದರೆ ಅದು ಆನೆಯ ಪ್ರಶ್ನೆ. ಆಜಿಯದು ಯಾವುದು?

ಮನೆಯ ಹೊಸ್ತಿಲು ದಾಟುವಾಗಲೇ ಅಪ್ಪನ ದನಿ ಕೇಳಿಸಿತು. ಅಪ್ಪ ದಿಗಂಬರರಾಯರು ತಹಸೀಲ ಕಚೇರಿಯಲ್ಲಿ ಕ್ಲಾರ್ಕು, ದನಿ ಎತ್ತರಿಸಿದವರಲ್ಲ.

“ಆಯಿ, ನಾಡಿದ್ದು ಏಕಾದಶಿಗೆ ಪುಸ್ತಕ ಬಿಚ್ಚಿಕೊಂಡು ಹೇಳು. ಯಾರು ಏನಂತಾರ?”

ಆಜಿ ಕಾಶೀಬಾಯಿ ಜಗುಲಿಯ ಮೇಲೆ ಕೂತಿದ್ದಳು. ಮುಂದೆ ವ್ಯಾಸಪೀಠ, ಅದರ ಮೇಲೆ ಕೆಂಪು ವಸ್ತ್ರದಲ್ಲಿ ಗಂಟು ಹಾಕಿಟ್ಟ ಪದ್ಯದ ಪುಸ್ತಕ. ಆಜಿಯ ಮಾವನ ಕಾಲದಿಂದ ನಡೆದುಬಂದ ರೂಢಿ ಅದು: ವಿಠ್ಠಲ ಮಂದಿರದಲ್ಲಿ ಈ ಮನೆಯವರು ಪದ್ಯ ಹೇಳುವಾಗ ಪುಸ್ತಕ ಮುಂದಿರಬೇಕು, ಗಂಟು ಬಿಚ್ಚಬಾರದು. ನಮಸ್ಕಾರಕ್ಕೆ ಪುಸ್ತಕ, ಹೇಳಲಿಕ್ಕೆ ಬಾಯಿ. ಹಿಂದಿನ ಏಕಾದಶಿಗೆ ಆಜಿ ನಡುವೆ ತಡೆದು ನಿಂತಿದ್ದಳು. ಕೂತವರಲ್ಲಿ ಯಾರೋ ಮುಂದಿನ ಶಬ್ದ ಎತ್ತಿಕೊಟ್ಟಿದ್ದರು. ಅಂದಿನಿಂದ ಮಗನಿಗೆ ಸಂಕಟ.

“ಬಿಚ್ಚಿ ಹೇಳೂದಾದ್ರ ಓದು ಬಂದವರು ಯಾರಾದ್ರೂ ಹೇಳ್ತಾರ,” ಎಂದಳು ಆಜಿ. “ಗಂಟಿಗೆ ಕೈ ಹಚ್ಚಿದ ದಿವಸ ನಾ ಪದ್ಯಕ್ಕ ಕೂಡೋ ಆ ಮಣಿ ಬಿಟ್ಟು ಏಳಾಕಿ. ಮತ್ತ ಕೂಡೂದಿಲ್ಲ.”

“ಮಂದಿ ಮುಂದ ಮತ್ತ ನಿಂತ್ರ?”

“ನಿಂತ್ರ ನಿಂತೆ.”

ಮೈಲಾರಲಿಂಗ ಕುಮುದಿನಿಯ ಮೊಣಕೈಗೆ ತಿವಿದ. “ಕೇಳಿದ್ಯೇನಲೇ? ಗಂಟು!”

ಅಂದೇ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಇಬ್ಬರೂ ಮಾತಿನಲ್ಲೇ ಚಿತ್ರ ಕಟ್ಟಿದರು. ಆಜಿ ಗಂಟು ಬಿಚ್ಚುತ್ತಾಳೋ ಇಲ್ಲವೋ? ಇದೊಂದೇ ಪ್ರಶ್ನೆ. ನೆನಪು ಹೋಗುವ ಹೆದರಿಕೆಯನ್ನು ಕ್ಯಾಮೆರಾ ಹಿಡಿಯಲಾರದು, ಗಂಟಿನ ಕಡೆ ಹೋಗುವ ಬೆರಳನ್ನು ಹಿಡಿಯಬಲ್ಲದು. ಮೊದಲಿಗೆ ಅಪ್ಪನ ಮಾತು, ಆಜಿಯ ಪಣ. ಆಮೇಲೆ ನೇರ ಮಂದಿರ. ಎಲ್ಲಿ ತಡೆಯುತ್ತಾಳೋ ಅಲ್ಲಿ ಕೈ ತೋರಿಸಬೇಕು, ಪ್ರತಿ ಸಲವೂ ಕೈ ಗಂಟಿಗೆ ಇನ್ನಷ್ಟು ಹತ್ತಿರ. ತುಳಸಿ, ಹೂಬತ್ತಿ ಯಾವುದೂ ಬೇಡ.

“ಒಂದು ಫೋನ್ ಆಜಿ ಕೈ ಮ್ಯಾಲೆ, ಅದು ನಂದು,” ಎಂದ ಮೈಲಾರಲಿಂಗ. “ಮಾರಿ ನೀ ಹಿಡಿ. ಮಂದಿರದಾಗ ಇನ್ನೊಂದು ಸರ್ತಿ ಹೇಳ್ರಿ ಅನ್ನಾಕ ಬರಂಗಿಲ್ಲ. ನಾಳೆ ಮನ್ಯಾಗ ಒಮ್ಮಿ ತಗದು ನೋಡೂಣು.”

ಮರುದಿನ ಆಜಿಯ ಸೆರಗಿಗೆ ಸಣ್ಣ ಮೈಕು ಸಿಕ್ಕಿಸಿದರು. “ಇದು ಏನು, ಜಿರಳಿಯೇನ?” ಎಂದು ಅದನ್ನು ಎರಡು ಸಲ ಕೊಡವಿದಳು ಆಜಿ. ಆಮೇಲೆ ಕಣ್ಣು ಮುಚ್ಚಿ ಹಾಡತೊಡಗಿದಳು. ಆರು ಸಾಲಿನ ಪದ್ಯಗಳು ಒಂದರ ಹಿಂದೊಂದು ಬಂದವು. ಆನೆ ಸೋತು, ಕೊಳದ ತಾವರೆಯೊಂದನ್ನು ಸೊಂಡಿಲಲ್ಲಿ ಎತ್ತಿ ಹಿಡಿಯುವ ಪದ್ಯ ಬಂದಾಗ ನಾಲ್ಕನೆಯ ಸಾಲಿನ ಬಾಗಿಲಲ್ಲಿ ದನಿ ನಿಂತಿತು. ಆಜಿಯ ಕೈ ತೊಡೆ ಬಿಟ್ಟು ಮೆಲ್ಲಗೆ ಗಂಟಿನ ಕಡೆ ಸರಿಯಿತು.

ಕುಮುದಿನಿಯ ಬಾಯಿಂದ ಆ ಸಾಲಿನ ಮೊದಲ ಶಬ್ದ ಜಾರಿಯೇ ಹೋಯಿತು.

ಆಜಿ ಅದನ್ನು ಹಿಡಿದು ಪದ್ಯ ಮುಗಿಸಿದಳು. ಮುಗಿಸಿದ ಮೇಲೆ ಮೊಮ್ಮಗಳನ್ನು ನೋಡಿದಳು. “ನಾ ಕೇಳಿದ್ನೇನ?” ಎಂದಳು, ಅಷ್ಟೇ.

ಆ ತುಣುಕನ್ನು ಮೇಡಂಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಪ್ರಶ್ನಿ ಸಿಕ್ಕದ, ಭಾಳ ಛಲೋ ಸಿಕ್ಕದ. ಆದ್ರ ಕುಮುದಿನಿ, ಪ್ರಶ್ನಿ ಆಜಿದು, ಉತ್ತರ ನೀ ಕೊಟ್ಟಿಯಲ್ಲವಾ!”

“ಅಷ್ಟು ದನಿ ಕತ್ತರಿಸಿದ್ರ ಮೇಡಂ?”

“ಕತ್ತರಿಸು. ಯಾರಿಗೂ ತಿಳಿಯೂದಿಲ್ಲ, ನಿನಗ ಬಿಟ್ಟು.” ಮತ್ತೆ ಅಂದರು: “ಅಡ್ಡಿ ಯಾರು ಬೇಕಾದ್ರೂ ತರಲಿ, ಆಸೆ ಯಾರು ಬೇಕಾದ್ರೂ ತೋರಿಸಲಿ. ಉತ್ತರ ಮಾತ್ರ ಆಕೀನೇ ಕೊಡಬೇಕು. ಇಲ್ಲಾಂದ್ರ ಐದು ನಿಮಿಷ ಕಾದಾವರಿಗೆ ಮೋಸ.”

ಆ ರಾತ್ರಿ ಕುಮುದಿನಿ ಲೆಕ್ಕ ಹಾಕಿ ನೋಡಿದಳು. ತಾನು ಎತ್ತಿಕೊಟ್ಟರೆ ಚಿತ್ರ ಹೋಯಿತು. ಸುಮ್ಮನಿದ್ದು ಆಜಿ ಗಂಟು ಬಿಚ್ಚಿದರೆ ಚಿತ್ರವೇನೋ ಉಳಿಯುತ್ತದೆ, ಆದರೆ ಆಜಿ ಮತ್ತೆಂದೂ ಆ ಮಣೆಯ ಮೇಲೆ ಕೂಡುವುದಿಲ್ಲ. ಚಿತ್ರಕ್ಕೆ ಎರಡೂ ಉತ್ತರ ಸಮ. ಅವಳಿಗೆ ಸಮವಲ್ಲ.

“ನಾ ಬಾಯಾಗ ಸೆರಗು ತುರುಕ್ಕೊಂಡು ನಿಂದರ್ತೀನಿ,” ಎಂದಳು.

“ನೀ ಸೆರಗ ಎಲ್ಲಿ ಹೊದೀತಿ? ನನ್ನ ಟವೆಲ್ ತಗೋ,” ಎಂದ ಮೈಲಾರಲಿಂಗ. “ನನಗೂ ಹೆದರಿಕಿ ಐತಿ ಬಿಡು. ನಮ್ಮ ಓಣಿ ಭೀಮಕ್ಕಾಯಿ ಡೊಳ್ಳಿನ ಪದ ಹಾಡೂ ಮುಂದ ಮರತ್ರ ನಾವು ಡೊಳ್ಳು ಜೋರ ಬಾರಸ್ತೇವಿ. ಇಲ್ಲಿ ಡೊಳ್ಳೂ ಇಲ್ಲ.”

ಏಕಾದಶಿಯ ಸಂಜೆ ವಿಠ್ಠಲ ಮಂದಿರ ತುಂಬಿತ್ತು. ಮರಾಠಿ ಅಭಂಗಗಳು ಮುಗಿದ ಮೇಲೆ ಕನ್ನಡ ಪದ್ಯದ ಸರದಿ. ದಿಗಂಬರರಾಯರು ವ್ಯಾಸಪೀಠ ತಂದಿಟ್ಟು ತಾಯಿಯ ಬಾಜೂಕ್ಕೆ ಕೂತರು. ಮೈಲಾರಲಿಂಗ ಕಂಬದ ಬುಡದಲ್ಲಿ ಹೊಟ್ಟೆಯ ಮೇಲೆ ಮಲಗಿ ಗಂಟನ್ನೂ ಕೈಯನ್ನೂ ಹಿಡಿದ. ಕುಮುದಿನಿ ಎದುರಿಗೆ ನಿಂತು ಮುಖ ಹಿಡಿದಳು.

ಆಜಿ ಕಣ್ಣು ಮುಚ್ಚಿ ಹಾಡಿದಳು. ಮೊಸಳೆ ಕಾಲು ಹಿಡಿಯಿತು. ಒಂದು ಕಡೆ ದನಿ ಎಡವಿತು; ಬೆರಳು ತೊಡೆಯ ಮೇಲೆ ತಾಳ ತಪ್ಪಿ, ಮತ್ತೆ ಹಿಡಿಯಿತು. ಮುಂದೊಂದು ಕಡೆ ನಿಂತಾಗ ಕೈ ವ್ಯಾಸಪೀಠದ ಅಂಚಿಗೆ ಬಂದು ತಂಗಿತು. ಸಾಲು ಬಂತು, ಕೈ ಹಿಂದೆ ಹೋಯಿತು. ಆನೆ ತಾವರೆ ಕಿತ್ತಿತು.

ನಾಲ್ಕನೆಯ ಸಾಲು ಬರಲಿಲ್ಲ.

ತಾಳ ನಿಂತಿತು. ಯಾರೋ ಕೆಮ್ಮಿ, ಕೆಮ್ಮಿದ್ದಕ್ಕೆ ನಾಚಿದಂತೆ ಬಾಯಿ ಮುಚ್ಚಿಕೊಂಡರು. ಆ ಶಬ್ದ ಕುಮುದಿನಿಯ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಅವಳು ಹಲ್ಲು ಕಚ್ಚಿದಳು. ಆಜಿಯ ಕೈ ಎದ್ದಿತು, ವ್ಯಾಸಪೀಠದ ಅಂಚು ದಾಟಿತು, ಕೆಂಪು ವಸ್ತ್ರದ ಮೇಲೆ ಇಳಿಯಿತು. ಒಂದು ಬೆರಳು ಗಂಟಿನೊಳಗೆ ಹೊಕ್ಕಿತು.

“ಬಿಚ್ಚು ಆಯಿ,” ಎಂದರು ದಿಗಂಬರರಾಯರು ಕಿವಿಯ ಹತ್ತಿರ.

ಪರದೆಯಲ್ಲಿ ಆಜಿಯ ಕೆಳತುಟಿ ನಡುಗುತ್ತಿತ್ತು. ಅದನ್ನು ಅಷ್ಟು ಹತ್ತಿರದಿಂದ ಕುಮುದಿನಿ ಎಂದೂ ನೋಡಿರಲಿಲ್ಲ. ಸೋಮವಾರ ಮರೆತುಹೋಯಿತು, ಮೇಡಂ ಮರೆತುಹೋದರು. ಶಬ್ದವನ್ನು ಮಾತ್ರ ನುಂಗಿಕೊಂಡಳು. ನುಂಗಿದ ಕಡೆಯಿಂದಲೇ ಅಳು ಎದ್ದು ಬಂತು. ತನ್ನ ದನಿಯೂ ಚಿತ್ರದಲ್ಲಿ ಕೇಳಿಸುತ್ತದೆ ಎಂದು ಗೊತ್ತಿದ್ದೂ ಅಂದಳು:

“ಸಾಕು ಆಜಿ. ಬಿಚ್ಚು. ನಿನ್ನ ಕಾಲಿಗೆ ಬೀಳ್ತೀನಿ, ಗಂಟು ಬಿಚ್ಚು.”

ಕಾಶೀಬಾಯಿ ಕಣ್ಣು ತೆರೆದಳು. ಮಗನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಅವಳ ಹೆಗಲ ಮೇಲಿನಿಂದ ವಿಠ್ಠಲನನ್ನು ನೋಡಿದಳು. ಕಂಬದ ಬುಡದಲ್ಲಿ ಮೈಲಾರಲಿಂಗ ಫೋನನ್ನು ಆ ಬೆರಳಿಗೇ ನೆಟ್ಟ. ಬೆರಳು ಗಂಟಿನಿಂದ ಹೊರಗೆ ಬಂತು. ಅಂಗೈ ಪುಸ್ತಕದ ಮೇಲೆ ಚಪ್ಪಟೆಯಾಗಿ ಕೂತಿತು.

“ಬಿಚ್ಚೂದಿಲ್ಲ,” ಎಂದಳು ಆಜಿ.